ಹಗಲಿನ ಚಿತ್ರಕ್ಕೆ ಸಂಜೆಯ ಬೆಳಕು

ಗೇಮ್‌ಗೋ ಅನಿಮೇಷನ್‌ಗೋ ಬ್ಯಾಕ್‌ಗ್ರೌಂಡ್ ಬರೆಯುವವರಿಗೆ ಎಂದಾದರೊಂದು ದಿನ ಈ ಬೇಡಿಕೆ ಬಂದೇ ಬರುತ್ತದೆ: ಅದೇ ಮನೆ, ಅದೇ ಅಂಗಳ, ಆದರೆ ಹೊತ್ತು ಮಾತ್ರ ಸಂಜೆಯಾಗಬೇಕು. ಮೊದಲಿನಿಂದ ಬರೆಯಲು ಪುರಸೊತ್ತಿಲ್ಲ. ಹಾಗಾಗಿ ಬಹುತೇಕರು ಚಿತ್ರದ ಮೇಲೆ ಒಂದು ಹೊಸ ಲೇಯರ್ ಇಡುತ್ತಾರೆ, ಅದರ ತುಂಬ ಕಿತ್ತಳೆ ಬಣ್ಣ ಸುರಿದು ಬ್ಲೆಂಡ್ ಮೋಡನ್ನು ಓವರ್‌ಲೇಗೆ ಬದಲಿಸುತ್ತಾರೆ. ಚಿತ್ರ ಬೆಚ್ಚಗಾಗುತ್ತದೆ ನಿಜ, ಆದರೆ ಸಂಜೆಯಾಗುವುದಿಲ್ಲ. ಬಣ್ಣ ಕೆಟ್ಟ ಮಧ್ಯಾಹ್ನದಂತೆ ಉಳಿದುಬಿಡುತ್ತದೆ.

ಇದಕ್ಕೆ ಕಾರಣ ಎರಡು. ಮೊದಲನೆಯದು, ಓವರ್‌ಲೇ ಒಳಗಿನ ಲೆಕ್ಕ ಬೆಳಕಿನ ಲೆಕ್ಕವಲ್ಲ. ಎರಡನೆಯದು, ಸಂಜೆಗೆ ಬದಲಾಗುವುದು ಬೆಳಕಿನ ಬಣ್ಣ ಮಾತ್ರವಲ್ಲ, ಅದು ಬರುವ ದಿಕ್ಕು ಕೂಡ. ದಿಕ್ಕು ಬದಲಾದರೆ ಹಗಲು ಬೆಳಗಿದ್ದ ಜಾಗ ಮಂಕಾಗುತ್ತದೆ, ಹಗಲು ಕತ್ತಲಾಗಿದ್ದ ಜಾಗ ಬೆಳಗುತ್ತದೆ. ಇಡೀ ಚಿತ್ರದ ಮೇಲೆ ಒಂದೇ ಸಮನೆ ಹರಡಿದ ಬಣ್ಣಕ್ಕೆ ಆ ಅದಲುಬದಲು ಸಾಧ್ಯವಿಲ್ಲ. ಕಂಪನಿ ನಾಟಕಗಳಲ್ಲಿ ಚಿತ್ರ ಬರೆದ ಪರದೆಯ ಮೇಲೆ ಕೆಂಪು ಕಾಗದ ಕಟ್ಟಿದ ದೀಪ ಬಿಟ್ಟಾಗಲೂ ಹೀಗೇ: ಬೀದಿ ಕೆಂಪಾಗುತ್ತದೆ, ಕಂಬದ ನೆರಳು ಮಾತ್ರ ಕಲಾವಿದ ಬರೆದಿಟ್ಟ ಕಡೆಗೇ ಬಿದ್ದಿರುತ್ತದೆ.

ಒಂದೇ ಚಿತ್ರವನ್ನು ಉದಾಹರಣೆಯಾಗಿಟ್ಟುಕೊಂಡು ಈ ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ನೋಡೋಣ. ಉಚಿತವಾಗಿ ಸಿಗುವ ಕ್ರಿತಾ ಇರಲಿ, ಫೋಟೊಶಾಪ್ ಇರಲಿ, ಲೇಯರ್ ಮತ್ತು ಬ್ಲೆಂಡ್ ಮೋಡ್ ಇರುವ ಯಾವ ತಂತ್ರಾಂಶದಲ್ಲೂ ಕ್ರಮ ಇದೇ.

ಓವರ್‌ಲೇ ಎಲ್ಲಿ ಸೋಲುತ್ತದೆ

ನಮ್ಮ ಚಿತ್ರದಲ್ಲಿ ಸುಣ್ಣ ಬಳಿದ ಗೋಡೆಯ ಬಣ್ಣ #F2EBDD, ಎಲೆಯ ಹಸಿರು #4F7A3A. ಸಂಜೆಯ ಬಿಸಿಲಿಗೆಂದು #FFB870 ಎಂಬ ಕಿತ್ತಳೆಯನ್ನು ಆರಿಸಿ, ಓವರ್‌ಲೇಯಲ್ಲಿ ಪೂರ್ತಿ ಬಲದಿಂದ ಹಾಕಿದೆವು ಎನ್ನೋಣ. ಗೋಡೆ #FFF4D9 ಆಗುತ್ತದೆ, ಅಂದರೆ ಹೆಚ್ಚುಕಡಿಮೆ ಮೊದಲಿನಷ್ಟೇ ಬಿಳಿ. ಎಲೆ #9EB033 ಆಗುತ್ತದೆ, ಅಂದರೆ ಕಣ್ಣು ಕುಕ್ಕುವ ಹಳದಿ ಹಸಿರು. ಸಂಜೆ ಬಿಸಿಲಿಗೆ ಎಲ್ಲಕ್ಕಿಂತ ಮೊದಲು ಬಣ್ಣ ತಿರುಗಬೇಕಾದ ಬಿಳಿ ಗೋಡೆ ಅಲುಗಲಿಲ್ಲ, ಮಂಕಾಗಬೇಕಾದ ಎಲೆ ಹಗಲಿಗಿಂತ ಹೆಚ್ಚು ಹೊಳೆಯಿತು. ಓವರ್‌ಲೇ ತಿಳಿಬಣ್ಣಗಳನ್ನು ಬಿಳಿಯ ಕಡೆಗೂ ಗಾಢ ಬಣ್ಣಗಳನ್ನು ಕಪ್ಪಿನ ಕಡೆಗೂ ತಳ್ಳುವಂತೆ ಕಟ್ಟಿದ ಮೋಡ್. ಅದಕ್ಕೆ ಹೆಚ್ಚು ಹಿಡಿತವಿರುವುದು ನಡುವಣ ಛಾಯೆಗಳ ಮೇಲೆ.

ಬೆಳಕು ನಿಜವಾಗಿ ಮಾಡುವ ಕೆಲಸಕ್ಕೆ ಹತ್ತಿರವಾದದ್ದು ಮೆನುವಿನಲ್ಲಿ Multiply ಎಂದು ಕಾಣುವ ಮೋಡ್. ವಸ್ತುವಿಗೆ ತನ್ನದೇ ಒಂದು ಬಣ್ಣವಿರುತ್ತದೆ. ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಇಷ್ಟು ಕೆಂಪನ್ನು, ಇಷ್ಟು ಹಸಿರನ್ನು, ಇಷ್ಟು ನೀಲಿಯನ್ನು ಹಿಂದಿರುಗಿಸುತ್ತೇನೆ ಎಂಬ ಪ್ರಮಾಣವೇ ಆ ಬಣ್ಣ. ಬೆಳಕಿನ ಬಣ್ಣವನ್ನು ಆ ಪ್ರಮಾಣದಿಂದ ಗುಣಿಸಿದರೆ ಕಣ್ಣಿಗೆ ಕಾಣುವ ಬಣ್ಣ ಸಿಗುತ್ತದೆ. ಅದೇ ಕಿತ್ತಳೆಯನ್ನು ಮಲ್ಟಿಪ್ಲೈಯಲ್ಲಿ ಹಾಕಿದರೆ ಗೋಡೆ #F2AA61 ಆಗಿ ಜೇನುಬಣ್ಣಕ್ಕೆ ತಿರುಗುತ್ತದೆ, ಎಲೆ #4F5819 ಆಗಿ ಕಂದುಹಸಿರಾಗುತ್ತದೆ, #B5563A ಬಣ್ಣದ ಹೆಂಚು #B53E19 ಆಗಿ ಕೆಂಡದ ಕೆಂಪಾಗುತ್ತದೆ. ಇಳಿಬಿಸಿಲಿನಲ್ಲಿ ಹೆಂಚು ಉರಿದಂತೆ ಕಾಣುವುದೂ ಹಸಿರು ಬಾಡಿದಂತೆ ಕಾಣುವುದೂ ಇದರಿಂದಲೇ.

ಆದರೆ ಮಲ್ಟಿಪ್ಲೈಗೂ ಒಂದು ಮಿತಿಯಿದೆ. ಅದು ಕಳೆಯಬಲ್ಲದು, ಕಳೆದದ್ದನ್ನು ಮರಳಿಸಲಾರದು. ಇಡೀ ಚಿತ್ರಕ್ಕೆ ಕಿತ್ತಳೆ ಹಾಕಿ ಅದರ ಮೇಲೆ ನೆರಳಿಗೆಂದು ನೀಲಿ ಹಾಕಿದರೆ ನೆರಳು ನೀಲಿಯಾಗುವುದಿಲ್ಲ, ಕೊಚ್ಚೆ ಬಣ್ಣವಾಗುತ್ತದೆ. ಕೆಳಗಿನ ಕಿತ್ತಳೆ ಆಗಲೇ ನೀಲಿಯ ಪಾಲನ್ನು ಅರ್ಧಕ್ಕಿಂತ ಹೆಚ್ಚು ತಿಂದು ಹಾಕಿರುತ್ತದೆ. ಸಂಜೆಯ ನೆರಳು ಕೆಸರುಗಟ್ಟಿದಂತೆ ಕಂಡರೆ ಒಂದೇ ಜಾಗದ ಮೇಲೆ ಎರಡು ಸಲ ಗುಣಾಕಾರವಾಗಿದೆಯೇ ಎಂದು ಮೊದಲು ನೋಡಬೇಕು. ಬಿಸಿಲು ಬಿದ್ದಲ್ಲಿ ಕಿತ್ತಳೆ, ಬೀಳದಲ್ಲಿ ನೀಲಿ. ಒಂದರ ಮೇಲೆ ಇನ್ನೊಂದು ಬರಬಾರದು. ಇದನ್ನು ಪಾಲಿಸುವ ಸುಲಭದ ದಾರಿಯನ್ನು ಮುಂದೆ ನೋಡೋಣ.

ಮೊದಲು ಬಿಸಿಲು ನೆರಳುಗಳನ್ನು ಕಳಚಿ

ನಮ್ಮ ಚಿತ್ರದ ಅಗಲ 1920 ಪಿಕ್ಸೆಲ್, ಎತ್ತರ 1080. ಮಲೆನಾಡಿನ ಒಂದು ಹೆಂಚಿನ ಮನೆ, ಮುಂದೆ ಕಂಬಗಳಿರುವ ಜಗಲಿ, ಕೆಮ್ಮಣ್ಣಿನ ಅಂಗಳ, ಅಂಗಳದ ನಡುವೆ ಒಂದು ಮೀಟರ್ ಎತ್ತರದ ತುಳಸಿಕಟ್ಟೆ, ಬಲಕ್ಕೆ ಹಲಸಿನ ಮರ, ಹಿಂದೆ ಅಡಿಕೆ ತೋಟ, ಅದರಾಚೆ ಗುಡ್ಡ. ಮನೆ ದಕ್ಷಿಣಕ್ಕೆ ಮುಖ ಮಾಡಿದೆ. ನೋಡುವವರು ಅಂಗಳದಲ್ಲಿ ಉತ್ತರಕ್ಕೆ ತಿರುಗಿ ನಿಂತಿದ್ದಾರೆ. ಹಾಗಾಗಿ ಪಶ್ಚಿಮ ಚಿತ್ರದ ಎಡಕ್ಕೆ ಬರುತ್ತದೆ. ಈ ದಿಕ್ಕುಗಳನ್ನು ಮೊದಲೇ ಕಾಗದದ ಮೇಲೆ ಗುರುತು ಮಾಡಿಕೊಳ್ಳದೆ ಮುಂದೆ ಹೋಗಬಾರದು.

ಹಗಲಿನ ನೆರಳುಗಳು ಬೇರೆ ಲೇಯರಿನಲ್ಲಿದ್ದರೆ ಅದರ ಕಣ್ಣು ಮುಚ್ಚಿದರೆ ಸಾಕು. ಬಣ್ಣದ ಜೊತೆಯಲ್ಲೇ ಬರೆದಿದ್ದರೆ ಅವನ್ನು ಅಳಿಸುವ ಕೆಲಸ ತಪ್ಪಿದ್ದಲ್ಲ. ಅದೇ ವಸ್ತುವಿನ ಬಿಸಿಲು ಬಿದ್ದ ಭಾಗದಿಂದ ಬಣ್ಣ ಎತ್ತಿಕೊಂಡು ನೆರಳಿನ ಭಾಗವನ್ನು ತುಂಬಿ. ಅಂಗಳದಲ್ಲಿ ಬಿದ್ದ ನೆರಳು, ಸೂರಿನ ಕೆಳಗಿನ ನೆರಳು, ಮರದ ಒಂದು ಮಗ್ಗುಲ ಕಪ್ಪು ಎಲ್ಲವೂ ಹೋಗಬೇಕು. ಉಳಿಯಬೇಕಾದದ್ದು ವಸ್ತುಗಳ ಸ್ವಂತ ಬಣ್ಣ ಮತ್ತು ಅವುಗಳ ಕಲೆ, ಪಾಚಿ, ಗೆರೆಗಳು ಮಾತ್ರ. ಈ ಹಂತದಲ್ಲಿ ಚಿತ್ರ ಚಪ್ಪಟೆಯಾಗಿ ಪೆಚ್ಚಾಗಿ ಕಾಣುತ್ತದೆ. ಹಾಗೆ ಕಂಡರೆ ಕೆಲಸ ಸರಿಯಾಗಿದೆ ಎಂದರ್ಥ.

ಒಂದು ಬಗೆಯ ಕತ್ತಲನ್ನು ಮಾತ್ರ ಅಳಿಸಬೇಡಿ, ಬೇರೆ ಲೇಯರಿಗೆ ಎತ್ತಿಡಿ. ಹೆಂಚುಗಳ ಸಂದು, ಕಟ್ಟೆ ನೆಲಕ್ಕೆ ತಾಗುವ ಗೆರೆ, ತೊಲೆಯೂ ಗೋಡೆಯೂ ಸೇರುವ ಮೂಲೆ ಇವೆಲ್ಲ ಸೂರ್ಯ ಎಲ್ಲಿದ್ದರೂ ಕಪ್ಪಾಗಿಯೇ ಇರುತ್ತವೆ, ಏಕೆಂದರೆ ಅಲ್ಲಿಗೆ ಆಕಾಶದ ಬೆಳಕೇ ಸರಿಯಾಗಿ ಹೋಗುವುದಿಲ್ಲ. ಈ ಸಂದುಗತ್ತಲ ಲೇಯರ್ ಹಗಲಿಗೂ ಸಂಜೆಗೂ ರಾತ್ರಿಗೂ ಒಂದೇ. ಇದಿಲ್ಲದಿದ್ದರೆ ಸೂರ್ಯ ಮುಳುಗಿದ ಚಿತ್ರದಲ್ಲಿ ವಸ್ತುಗಳು ನೆಲದ ಮೇಲೆ ತೇಲಿದಂತೆ ಕಾಣುತ್ತವೆ.

ಸೂರ್ಯನಿಗೆ ಒಂದು ಜಾಗ ಗೊತ್ತುಮಾಡಿ

ಡಿಸೆಂಬರ್ ಕೊನೆಯ ಒಂದು ದಿನವನ್ನು ತೆಗೆದುಕೊಳ್ಳೋಣ. ಕರ್ನಾಟಕದ ದಕ್ಷಿಣ ಭಾಗ ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಆ ದಿನ ನಡುಹಗಲಿಗೆ ಸೂರ್ಯ ದಕ್ಷಿಣದಲ್ಲಿ, ದಿಗಂತದಿಂದ ಸುಮಾರು 53 ಡಿಗ್ರಿ ಎತ್ತರದಲ್ಲಿರುತ್ತಾನೆ. ಅಂದರೆ ನೋಡುವವರ ಬೆನ್ನ ಹಿಂದೆ, ಮೇಲೆ. ಮುಳುಗಲು ಸುಮಾರು ಒಂದು ಗಂಟೆಯಿರುವಾಗ ಅವನ ಎತ್ತರ 13ರಿಂದ 14 ಡಿಗ್ರಿ. ಆಗ ಅವನು ನೇರ ಪಶ್ಚಿಮದಲ್ಲಿರುವುದಿಲ್ಲ, ಪಶ್ಚಿಮದಿಂದ ಸುಮಾರು 28 ಡಿಗ್ರಿ ದಕ್ಷಿಣಕ್ಕೆ ಸರಿದಿರುತ್ತಾನೆ. ಆದ್ದರಿಂದ ನಮ್ಮ ಚಿತ್ರಕ್ಕೆ ಬೆಳಕು ಎಡಗಡೆಯಿಂದ, ತುಸು ಮುಂಭಾಗದಿಂದ, ಬಹಳ ಕೆಳಗಿನಿಂದ ಬರುತ್ತದೆ. ಸೂರ್ಯ ಚೌಕಟ್ಟಿನ ಹೊರಗೇ ಇರುತ್ತಾನೆ.

ಜೂನ್ ತಿಂಗಳಾಗಿದ್ದರೆ ಸೂರ್ಯ ಪಶ್ಚಿಮದಿಂದ ಉತ್ತರಕ್ಕೆ ಸರಿದು ಮುಳುಗುತ್ತಿದ್ದ. ಆಗ ಮನೆಯ ಮುಂದಿನ ಗೋಡೆಗೆ ಸಂಜೆಬಿಸಿಲು ತಾಗುತ್ತಲೇ ಇರಲಿಲ್ಲ. ಒಂದೇ ಮನೆಗೆ ಎರಡು ಕಾಲದ ಸಂಜೆ ಬೇರೆ ಬೇರೆ. ಕಥೆ ಯಾವ ತಿಂಗಳಲ್ಲಿ ನಡೆಯುತ್ತದೆ ಎಂದು ಬ್ಯಾಕ್‌ಗ್ರೌಂಡ್ ಬರೆಯುವವರು ಕೇಳಬೇಕಾದದ್ದು ಇದಕ್ಕೇ.

ದಿಕ್ಕು ಗೊತ್ತಾದ ಮೇಲೆ ಯಾವ ಮೇಲ್ಮೈಗೆ ಎಷ್ಟು ಬೆಳಕು ಎಂಬುದೂ ಗೊತ್ತಾಗುತ್ತದೆ. ಬೆಳಕು ನೇರವಾಗಿ ಬಂದು ಬಡಿದಷ್ಟೂ ಮೇಲ್ಮೈ ಬೆಳಗುತ್ತದೆ, ಓರೆಯಾದಷ್ಟೂ ಮಂಕಾಗುತ್ತದೆ. ನಡುಹಗಲಿಗೆ ಅಂಗಳದ ನೆಲಕ್ಕೆ ಬಿಸಿಲಿನ ಪೂರ್ಣ ಬಲದ 80 ಭಾಗ ಸಿಗುತ್ತಿತ್ತು, ಹೆಂಚಿನ ಮುಂದಿನ ಇಳಿಜಾರಿಗೆ ಹೆಚ್ಚುಕಡಿಮೆ ನೂರಕ್ಕೆ ನೂರು, ಪಶ್ಚಿಮಕ್ಕೆ ಮುಖ ಮಾಡಿದ ಗೋಡೆಗೆ ಸೊನ್ನೆ. ಸಂಜೆಯ ಆ ಹೊತ್ತಿಗೆ ಪಶ್ಚಿಮದ ಮುಖಗಳಿಗೆ 85, ಮುಂದಿನ ಗೋಡೆಗೂ ಹೆಂಚಿನ ಇಳಿಜಾರಿಗೂ ಸುಮಾರು 45, ನೆಲಕ್ಕೆ 24. ಹಗಲು ಚೆನ್ನಾಗಿ ಬೆಳಗುತ್ತಿದ್ದ ನೆಲ ಹಿಂದೆ ಸರಿಯಿತು, ಕತ್ತಲಲ್ಲಿದ್ದ ಮಗ್ಗುಲುಗಳು ಮುಂದೆ ಬಂದವು. ನಿಂತ ವಸ್ತುಗಳೆಲ್ಲ ಬೆಳಗಿ ನೆಲ ಮಂಕಾದರೆ ಕಣ್ಣು ಅದನ್ನು ಸಂಜೆ ಎಂದು ಗುರುತಿಸುತ್ತದೆ. ಸಂಜೆಯ ಚಿತ್ರದಲ್ಲಿ ಅಂಗಳವೇ ಎಲ್ಲಕ್ಕಿಂತ ಪ್ರಖರವಾಗಿದ್ದರೆ ಎಷ್ಟು ಕಿತ್ತಳೆ ಹಾಕಿದರೂ ಮಧ್ಯಾಹ್ನ ಬಿಡುವುದಿಲ್ಲ.

ನೆರಳನ್ನು ಅಳೆದು ಹಾಕಿ

14 ಡಿಗ್ರಿಯ ಬಿಸಿಲಿಗೆ ನೆರಳು ವಸ್ತುವಿನ ನಾಲ್ಕು ಪಟ್ಟು ಉದ್ದ. ಒಂದು ಮೀಟರ್ ತುಳಸಿಕಟ್ಟೆಯ ನೆರಳು ನಾಲ್ಕು ಮೀಟರ್. ಆದರೆ ಚಿತ್ರದಲ್ಲಿ ಅದು ನಾಲ್ಕು ಪಟ್ಟಾಗಿ ಕಾಣುವುದಿಲ್ಲ, ಏಕೆಂದರೆ ನೆರಳು ಬಲಕ್ಕೆ ಹೋಗುತ್ತಲೇ ನಮ್ಮಿಂದ ದೂರಕ್ಕೂ ಹೋಗುತ್ತದೆ. ಅಂದಾಜಿನ ಮೇಲೆ ಎಳೆಯುವ ಬದಲು ಎರಡು ಬಿಂದು ಇಟ್ಟುಕೊಂಡರೆ ಎಲ್ಲ ನೆರಳುಗಳೂ ಒಂದಕ್ಕೊಂದು ಹೊಂದಿಕೊಳ್ಳುತ್ತವೆ.

ಮೊದಲ ಬಿಂದುವನ್ನು ದಿಗಂತದ ಗೆರೆಯ ಮೇಲೆ, ಚಿತ್ರದ ನಡುವಿನಿಂದ ಬಲಕ್ಕೆ ಸುಮಾರು 3000 ಪಿಕ್ಸೆಲ್ ದೂರದಲ್ಲಿ ಇಡಿ. ಅದು ಚೌಕಟ್ಟಿನಾಚೆ ಇರುವುದರಿಂದ ಕ್ಯಾನ್ವಾಸನ್ನು ತಾತ್ಕಾಲಿಕವಾಗಿ ಅಗಲಿಸಿಕೊಳ್ಳಬೇಕಾಗುತ್ತದೆ. ಎರಡನೆಯದು ಅದರ ನೇರ ಕೆಳಗೆ, ಸುಮಾರು 870 ಪಿಕ್ಸೆಲ್ ಅಂತರದಲ್ಲಿ. ಚಿತ್ರ ನಮ್ಮ ಕಣ್ಣ ಮುಂದಿನ 60 ಡಿಗ್ರಿ ಅಗಲವನ್ನು ತೋರಿಸುತ್ತಿದೆ ಎಂದು ಹಿಡಿದು ಮಾಡಿದ ಲೆಕ್ಕ ಇದು. ನಿಮ್ಮ ಚಿತ್ರದ ನೋಟ ಇನ್ನೂ ಕಿರಿದಾಗಿದ್ದರೆ ಬಿಂದುಗಳು ಇನ್ನೂ ದೂರ ಹೋಗುತ್ತವೆ. ಈಗ ಕಟ್ಟೆಯ ಬುಡದಿಂದ ಮೊದಲ ಬಿಂದುವಿಗೆ ಒಂದು ಗೆರೆ, ಕಟ್ಟೆಯ ತುದಿಯಿಂದ ಎರಡನೆಯ ಬಿಂದುವಿಗೆ ಒಂದು ಗೆರೆ ಎಳೆಯಿರಿ. ಅವೆರಡೂ ಕೂಡುವಲ್ಲಿ ನೆರಳಿನ ತುದಿ. ಕಟ್ಟೆ ಹತ್ತು ಮೀಟರ್ ದೂರದಲ್ಲಿದ್ದು ಚಿತ್ರದಲ್ಲಿ 166 ಪಿಕ್ಸೆಲ್ ಎತ್ತರವಿದ್ದರೆ ನೆರಳು ಬಲಕ್ಕೆ ಸುಮಾರು 490 ಪಿಕ್ಸೆಲ್ ಚಾಚುತ್ತದೆ, ಅಂದರೆ ಮೂರು ಪಟ್ಟು. ಹಲಸಿನ ಮರಕ್ಕೂ ಕಂಬಕ್ಕೂ ಇವೇ ಎರಡು ಬಿಂದು. ಒಂದೊಂದು ವಸ್ತುವಿಗೆ ಒಂದೊಂದು ಕೋನ ಹಿಡಿದರೆ ಅಂಗಳದಲ್ಲಿ ನಾಲ್ಕಾರು ಸೂರ್ಯರಿದ್ದಂತೆ ಆಗುತ್ತದೆ. ನೋಡುವವರಿಗೆ ಕಾರಣ ಹೊಳೆಯದಿದ್ದರೂ ಏನೋ ಸರಿಯಿಲ್ಲ ಅನ್ನಿಸುತ್ತದೆ.

ಈ ಚಿತ್ರದಲ್ಲಿ ದೊಡ್ಡ ಬದಲಾವಣೆ ಆಗುವುದು ಜಗಲಿಯಲ್ಲಿ. ಸೂರಿನ ಅಂಚು ಗೋಡೆಯಿಂದ ಒಂದೂವರೆ ಮೀಟರ್ ಮುಂದಿದೆ, ನೆಲದಿಂದ 2.2 ಮೀಟರ್ ಎತ್ತರದಲ್ಲಿದೆ ಎಂದುಕೊಳ್ಳಿ. ನಡುಹಗಲಿಗೆ ಸೂರಿನ ನೆರಳು ಗೋಡೆಯ ಮೇಲೆ ಎರಡು ಮೀಟರ್ ಕೆಳಗಿಳಿಯುತ್ತದೆ. ಬುಡದ ಒಂದು ಗೇಣು ಬಿಟ್ಟರೆ ಇಡೀ ಗೋಡೆ ನೆರಳಿನಲ್ಲಿರುತ್ತದೆ. ಸಂಜೆಗೆ ಅದೇ ನೆರಳು ಕೇವಲ 80 ಸೆಂಟಿಮೀಟರ್ ಇಳಿಯುತ್ತದೆ. ಅದರ ಕೆಳಗಿನ ಗೋಡೆ, ಬಾಗಿಲಿನ ಕೆಳಭಾಗ, ಜಗಲಿಯಲ್ಲಿ ಕೂತ ಅಜ್ಜನ ಮುಖ ಎಲ್ಲಕ್ಕೂ ಬಿಸಿಲು ಸಿಗುತ್ತದೆ. ಕಂಬದ ನೆರಳು ಕಂಬದ ಹಿಂದೆಯೇ ಇರದೆ ಗೋಡೆಯ ಮೇಲೆ ಎರಡೂಮುಕ್ಕಾಲು ಮೀಟರ್ ಬಲಕ್ಕೆ ಹೋಗಿ ನಿಲ್ಲುತ್ತದೆ. ಆ ಗೋಡೆಯ ಮೇಲೆ ಬಿಸಿಲ ಪಟ್ಟಿ, ನೆರಳ ಪಟ್ಟಿ ಎಂದು ಒಂದರ ಪಕ್ಕ ಒಂದು ಬರೆದುಬಿಟ್ಟರೆ ಬಣ್ಣ ತುಂಬುವ ಮೊದಲೇ ಸಂಜೆ ಕಾಣತೊಡಗುತ್ತದೆ.

ಚೌಕಟ್ಟಿನಾಚೆ ಇರುವುದನ್ನೂ ಮರೆಯಬಾರದು. ಇಷ್ಟು ತಗ್ಗಿನ ಬಿಸಿಲಿಗೆ ಎಡಗಡೆ 40 ಮೀಟರ್ ದೂರದೊಳಗಿನ ಹತ್ತು ಮೀಟರ್ ಎತ್ತರದ ಮರವೂ ಅಂಗಳದೊಳಕ್ಕೆ ನೆರಳು ಚಾಚುತ್ತದೆ. ಕಾಣದ ಅಡಿಕೆ ಮರಗಳ ಒಂದೆರಡು ಉದ್ದ ನೆರಳನ್ನು ಎಡ ಅಂಚಿನಿಂದ ಒಳಗೆ ಬಿಟ್ಟರೆ ಬರಿದಾದ ನೆಲ ತುಂಬಿಕೊಳ್ಳುತ್ತದೆ, ಬೆಳಕು ಎಲ್ಲಿಂದ ಬರುತ್ತಿದೆ ಎಂಬುದೂ ಸ್ಪಷ್ಟವಾಗುತ್ತದೆ. ಅಂಥ ನೆರಳಿನ ಅಂಚು ಮಸುಕಾಗಿರಬೇಕು. ಸೂರ್ಯನ ಬಿಂಬ ಅರ್ಧ ಡಿಗ್ರಿ ಅಗಲವಿರುವುದರಿಂದ ನೆರಳು ಒಂದು ಮೀಟರ್ ದೂರ ಹೋದಂತೆಲ್ಲ ಅದರ ಅಂಚು ಸುಮಾರು ಒಂದು ಸೆಂಟಿಮೀಟರ್ ಹರಡುತ್ತದೆ. ಕಟ್ಟೆಯ ಬುಡದಲ್ಲಿ ಚೂಪಾದ ಅಂಚು, ದೂರದ ಮರದ ನೆರಳಿಗೆ ಮೆದುವಾದ ಅಂಚು.

ಬೆಳಕಿಗೇ ಒಂದು ಲೇಯರ್

ಬಣ್ಣ ಹಾಕುವುದು ಈಗ. ಚಪ್ಪಟೆ ಬಣ್ಣಗಳ ಮೇಲೆ, ಆಕಾಶ ಒಂದನ್ನು ಬಿಟ್ಟು, ಒಂದೇ ಒಂದು ಲೇಯರ್ ಇಟ್ಟು ಮಲ್ಟಿಪ್ಲೈ ಮಾಡಿ. ಅದರ ತುಂಬ #6E78A8 ಎಂಬ ಮಂಕು ನೀಲಿ ಸುರಿಯಿರಿ. ಇದು ಆಕಾಶದಿಂದ ಬರುವ ಬೆಳಕು. ಬಿಸಿಲು ತಾಗದ ಜಾಗಕ್ಕೆ ಇದೊಂದೇ ಆಸರೆ. ಬಿಳಿ ಗೋಡೆ ಇದರಡಿಯಲ್ಲಿ #686F92 ಆಗುತ್ತದೆ, ಮನೆ ಇಡಿಯಾಗಿ ನೆರಳಿಗೆ ಹೋಗುತ್ತದೆ.

ಈಗ ಅದೇ ಲೇಯರಿನ ಮೇಲೆ, ಬಿಸಿಲು ಬೀಳುವ ಜಾಗಗಳಲ್ಲಿ ಮಾತ್ರ ಕಿತ್ತಳೆ ಬರೆಯಿರಿ. ಬ್ರಷ್ ಸಾಮಾನ್ಯ ಮೋಡಿನಲ್ಲೇ ಇರಲಿ. ಕಿತ್ತಳೆ ಬಂದಲ್ಲಿ ನೀಲಿ ಅಳಿಯುತ್ತದೆ. ಎರಡೂ ಒಂದೇ ಲೇಯರಿನಲ್ಲಿರುವುದರಿಂದ ಯಾವ ಜಾಗವೂ ಎರಡು ಸಲ ಗುಣಾಕಾರಕ್ಕೆ ಸಿಗುವುದಿಲ್ಲ, ಕೊಚ್ಚೆ ಬಣ್ಣಕ್ಕೆ ಎಡೆಯೇ ಇರುವುದಿಲ್ಲ. ಪಶ್ಚಿಮಕ್ಕೆ ಮುಖ ಮಾಡಿದ ಗೋಡೆ, ಕಂಬಗಳ ಎಡ ಮಗ್ಗುಲು, ಹಲಸಿನ ಕಾಂಡದ ಎಡ ಮಗ್ಗುಲು ಇವಕ್ಕೆ #FFB870. ಮುಂದಿನ ಗೋಡೆಯಲ್ಲಿ ಬಿಸಿಲು ತಾಗಿದ ಭಾಗಕ್ಕೂ ಹೆಂಚಿನ ಇಳಿಜಾರಿಗೂ ಕಿತ್ತಳೆ 70 ಭಾಗ, ನೀಲಿ 30 ಭಾಗ ಬೆರೆತ #D4A581. ನೆಲಕ್ಕೆ ಸಮಸಮ ಬೆರೆತ #B7988C.

ನೆಲಕ್ಕೆ ಬೆಳಕು 24 ಭಾಗ ಎಂದ ಮೇಲೆ ಕಿತ್ತಳೆಯನ್ನು ಅರ್ಧದಷ್ಟು ಏಕೆ ಹಾಕಬೇಕು ಎಂಬ ಪ್ರಶ್ನೆ ಏಳಬಹುದು. ಪರದೆಯ ಅಂಕಿಗಳು ಬೆಳಕಿನ ಪ್ರಮಾಣಕ್ಕೆ ನೇರ ಹೊಂದಿಕೊಂಡಿಲ್ಲ. ನಿಜವಾದ ಬೆಳಕು ಕಾಲುಭಾಗಕ್ಕೆ ಇಳಿದರೆ ಪರದೆಯ ಅಂಕಿ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಅದೇ ಲೆಕ್ಕದಲ್ಲಿ 45 ಭಾಗದ ಬೆಳಕು ಪರದೆಯಲ್ಲಿ ಸುಮಾರು 70 ಆಗುತ್ತದೆ.

ಕೆಲಸದ ನಡುವೆ ಆಗಾಗ ಈ ಲೇಯರಿನ ಮೋಡನ್ನು ಸಾಮಾನ್ಯಕ್ಕೆ ತಿರುಗಿಸಿ ನೋಡಿ. ಬರಿಯ ಕಿತ್ತಳೆ ನೀಲಿಗಳಲ್ಲಿ ಮನೆಯ ಆಕಾರ ಗುರುತು ಸಿಗಬೇಕು. ಯಾವುದು ಗೋಡೆ, ಯಾವುದು ನೆಲ, ಕಂಬ ದುಂಡಗಿದೆಯೋ ಚೌಕವೋ ಎಂಬುದು ಅಷ್ಟರಲ್ಲೇ ತಿಳಿಯದಿದ್ದರೆ ಬೆಳಕಿನ ದಿಕ್ಕನ್ನು ಇನ್ನೂ ಸರಿಯಾಗಿ ಹಿಡಿದಿಲ್ಲ ಎಂದರ್ಥ. ಕೆಳಗಿನ ಚಪ್ಪಟೆ ಬಣ್ಣಗಳ ವಿವರ ಬಂದು ಸೇರಿದರೆ ಈ ತಪ್ಪು ಮರೆಯಾಗುತ್ತದೆಯೇ ಹೊರತು ಸರಿಹೋಗುವುದಿಲ್ಲ.

ಈ ಲೇಯರಿಗೆ ಸೇರಬೇಕಾದ ಇನ್ನೊಂದು ಬೆಳಕಿದೆ. ಬಿಸಿಲು ಬಿದ್ದ ಕೆಮ್ಮಣ್ಣು ತಾನೂ ಸ್ವಲ್ಪ ಬೆಳಕನ್ನು ಮೇಲಕ್ಕೆ ಎಸೆಯುತ್ತದೆ. ಸೂರಿನ ಅಡಿಭಾಗ, ಜಗಲಿಯ ತೊಲೆಗಳು, ಕಟ್ಟೆಯ ನೆರಳಿನ ಮಗ್ಗುಲಿನ ಬುಡ ಇಲ್ಲೆಲ್ಲ ನೀಲಿಗೆ ತುಸು ಕೆಂಪು ಬೆರೆಸಿ. ತುಸು ಎಂದರೆ ತುಸುವೇ. ಸೂರಿನ ಅಡಿ ನೆರಳೆಂದು ಗೊತ್ತಾಗುತ್ತಿರಬೇಕು.

ಆಕಾಶವನ್ನು ಬೇರೆಯಾಗಿ ಬರೆಯಿರಿ

ಆಕಾಶಕ್ಕೆ ಮಲ್ಟಿಪ್ಲೈ ಹಾಕಬಾರದು. ಅದು ಬೆಳಕು ಬೀಳುವ ವಸ್ತುವಲ್ಲ, ತಾನೇ ಬೆಳಕಿನ ಮೂಲ. ಹಗಲಿನ ನೀಲಿಯನ್ನು ಕಿತ್ತಳೆಯಿಂದ ಗುಣಿಸಿದರೆ ಹಸಿರು ಮಿಶ್ರಿತ ಬೂದು ಬರುತ್ತದೆ. ಹಳೆಯ ಆಕಾಶವನ್ನು ಮರೆಮಾಡಿ ಹೊಸದು ಬರೆಯಿರಿ.

ಸೂರ್ಯ ಎಡಕ್ಕೆ ಚೌಕಟ್ಟಿನಾಚೆ ಇರುವುದರಿಂದ ಆಕಾಶದ ಬಣ್ಣ ಮೇಲಿಂದ ಕೆಳಕ್ಕೆ ಮಾತ್ರ ಬದಲಾದರೆ ಸಾಲದು, ಎಡದಿಂದ ಬಲಕ್ಕೂ ಬದಲಾಗಬೇಕು. ಎಡ ಕೆಳಮೂಲೆಯಲ್ಲಿ #FFC27A, ಅಲ್ಲಿಂದ ಮೇಲಕ್ಕೂ ಬಲಕ್ಕೂ ಸಾಗುವಾಗ ಮಸುಕು ಗುಲಾಬಿ #E79A86, ಬಲ ಮೇಲ್ಮೂಲೆಯಲ್ಲಿ #5E6FA3. ತಗ್ಗಿನ ಸೂರ್ಯನ ಬೆಳಕು ವಾತಾವರಣದಲ್ಲಿ ಬಹುದೂರ ಹಾದು ಬರುತ್ತದೆ, ದಾರಿಯುದ್ದಕ್ಕೂ ನೀಲಿ ಚದುರಿಹೋಗಿ ಹಳದಿ ಕೆಂಪುಗಳು ಉಳಿಯುತ್ತವೆ. ಅದರಿಂದಲೇ ದಿಗಂತದ ಬಳಿ ಬೆಚ್ಚನೆಯ ಬಣ್ಣ, ತಲೆಯ ಮೇಲೆ ನೀಲಿ. ಮೋಡಗಳಿದ್ದರೆ ಅವುಗಳ ಎಡ ಮಗ್ಗುಲು ಬೆಳಗಲಿ. ಹಗಲಿನ ಮೋಡದ ಬಿಳಿ ನೆತ್ತಿ, ಬೂದು ತಳ ಹಾಗೇ ಉಳಿದಿದ್ದರೆ ಆಕಾಶ ಒಂದು ಹೊತ್ತು, ಅಂಗಳ ಇನ್ನೊಂದು ಹೊತ್ತು ಆಗಿಬಿಡುತ್ತದೆ.

ಹಿಂದಿನ ಗುಡ್ಡಕ್ಕೆ ಮನೆಯಷ್ಟು ಸ್ಪಷ್ಟ ಬಿಸಿಲು ನೆರಳು ಬೇಡ. ಅದರ ಮೇಲೆ ದಿಗಂತದ ಆಕಾಶದ ಬಣ್ಣವನ್ನೇ ಸಾಮಾನ್ಯ ಮೋಡಿನಲ್ಲಿ 30ರಿಂದ 40 ಶೇಕಡಾ ಹಾಕಿ. ಎಡಕ್ಕೆ ಕಿತ್ತಳೆ, ಬಲಕ್ಕೆ ನೇರಳೆ ಇರಲಿ. ಅಡಿಕೆ ತೋಟಕ್ಕೆ ಇದರ ಅರ್ಧ ಸಾಕು.

ಓವರ್‌ಲೇ ಉಪಯೋಗಕ್ಕೆ ಬರುವುದು ಇಷ್ಟೆಲ್ಲ ಮುಗಿದ ಮೇಲೆ. ಎಲ್ಲದರ ಮೇಲೆ ಒಂದು ಓವರ್‌ಲೇ ಲೇಯರ್ ಇಟ್ಟು ಎಡದಿಂದ ಬಲಕ್ಕೆ ಕಿತ್ತಳೆ ಕರಗಿ ನಡುವಣ ಬೂದು #808080 ಆಗುವಂತೆ ಮಾಡಿ, 15ರಿಂದ 20 ಶೇಕಡಾದಲ್ಲಿ ನಿಲ್ಲಿಸಿ. ಆ ಬೂದು ಓವರ್‌ಲೇಯಲ್ಲಿ ಏನನ್ನೂ ಬದಲಿಸುವುದಿಲ್ಲವಾದ್ದರಿಂದ ಬಲಭಾಗ ಇದ್ದಂತೆಯೇ ಇರುತ್ತದೆ. ಬೇರೆ ಬೇರೆಯಾಗಿ ಬರೆದ ಮನೆ, ಮರ, ಗುಡ್ಡಗಳೆಲ್ಲ ಒಂದೇ ಗಾಳಿಯಲ್ಲಿ ನಿಂತಂತೆ ಕಾಣಿಸಲು ಇಷ್ಟು ಸಾಕು. ಬೆಳಕನ್ನು ತರುವ ಕೆಲಸವನ್ನು ಅದಕ್ಕೆ ಒಪ್ಪಿಸಬಾರದು.

ಸೂರ್ಯ ಮುಳುಗಿದ ಮೇಲೆ

ಇಲ್ಲಿಯವರೆಗಿನದು ಇಳಿಹೊತ್ತು. ಮುಸ್ಸಂಜೆ ಬೇಕೆಂದರೆ ಇದನ್ನೇ ಇನ್ನಷ್ಟು ಕಪ್ಪು ಮಾಡುವುದಲ್ಲ. ಸೂರ್ಯ ಮುಳುಗಿದ ಕ್ಷಣದಿಂದ ನೇರ ಬೆಳಕು ಇಲ್ಲ, ಹಾಗಾಗಿ ನೆಲದ ಮೇಲೆ ಉದ್ದನೆಯ ನೆರಳೂ ಇಲ್ಲ. ಮುಸ್ಸಂಜೆಯ ಆಕಾಶದಡಿ ಚೂಪು ನೆರಳು ಎಳೆಯುವುದು ಈ ಕೆಲಸದಲ್ಲಿ ಪದೇ ಪದೇ ಕಾಣುವ ತಪ್ಪು.

ಬೆಳಕಿನ ಲೇಯರಿನ ನಕಲು ಮಾಡಿ, ಅದರ ಕಿತ್ತಳೆಯನ್ನೆಲ್ಲ ತೆಗೆದು #5A6390 ತುಂಬಿ. ಈಗ ಬೆಳಕು ಪಶ್ಚಿಮದ ಇಡೀ ಆಕಾಶದಿಂದ ಹರಡಿ ಬರುತ್ತಿದೆ. ಆದ್ದರಿಂದ ಎಡಕ್ಕೆ ಮುಖ ಮಾಡಿದ ಮೇಲ್ಮೈಗಳಿಗೆ ತುಸು ತಿಳಿಯಾದ, ತುಸು ಗುಲಾಬಿ ಬೆರೆತ ಛಾಯೆ ಕೊಡಿ, ಆದರೆ ಅಂಚುಗಳು ಎಲ್ಲೂ ಚೂಪಾಗಬಾರದು. ಎತ್ತಿಟ್ಟ ಸಂದುಗತ್ತಲ ಲೇಯರ್ ಈಗ ತನ್ನ ಬೆಲೆ ತೋರಿಸುತ್ತದೆ. ಬೀಳುನೆರಳಿಲ್ಲದ ಚಿತ್ರದಲ್ಲಿ ವಸ್ತುಗಳನ್ನು ನೆಲಕ್ಕೆ ಹಿಡಿದಿಡುವುದು ಅದೊಂದೇ.

ನಮ್ಮ ಕಡೆ ಸೂರ್ಯ ಮುಳುಗಿದ ಮೇಲೆ ಹೊರಗಿನ ವಸ್ತುಗಳು ಸ್ಪಷ್ಟವಾಗಿ ಕಾಣುವ ಹೊತ್ತು ಸುಮಾರು 20ರಿಂದ 25 ನಿಮಿಷ. ಜಗಲಿಯ ಬಲ್ಬಿನ ಬೆಳಕೂ ಆಕಾಶದ ಬೆಳಕೂ ಒಂದಕ್ಕೊಂದು ಸರಿಸಾಟಿಯಾಗಿ ನಿಲ್ಲುವುದು ಈ ಅವಧಿಯಲ್ಲೇ. ಬಲ್ಬು ಹಚ್ಚುವುದಾದರೆ ಅದರ ಬೆಳಕನ್ನೂ ಇದೇ ಲೇಯರಿನಲ್ಲಿ #FFC060 ಬಣ್ಣದಿಂದ ಬರೆಯಿರಿ. ಬಲ್ಬಿನ ಬಳಿ ಪೂರ್ತಿ, ದೂರ ಹೋದಂತೆ ಬೇಗನೆ ಕರಗಿ ನೀಲಿಗೆ ಸೇರುವಂತೆ. ಕಂಬಗಳ ನೆರಳು ಈಗ ಅಂಗಳದ ಕಡೆಗೆ, ಬಲ್ಬಿನಿಂದ ಹೊರಮುಖವಾಗಿ ಬೀಳುತ್ತದೆ. ಬಿಸಿಲಿನ ಸಾಲು ನೆರಳಿನ ಹಾಗೆ ಇವು ಒಂದೇ ಕಡೆ ಸಾಗುವುದಿಲ್ಲ, ಬಲ್ಬಿನ ಕೆಳಗಿನ ನೆಲದಿಂದ ಬೀಸಣಿಗೆಯಾಗಿ ಬಿಚ್ಚಿಕೊಳ್ಳುತ್ತವೆ.

ಹಗಲಿನಿಂದ ಸಂಜೆಗೆ ಚಲಿಸುವಾಗ

ಚಿತ್ರ ನಿಂತಲ್ಲೇ ಹಗಲಿನಿಂದ ಸಂಜೆಗೆ ತಿರುಗಬೇಕಾದರೆ ಎರಡು ಚಿತ್ರಗಳನ್ನು ಒಂದರಿಂದ ಇನ್ನೊಂದಕ್ಕೆ ಕರಗಿಸುವುದು ಸುಲಭ ಅನ್ನಿಸುತ್ತದೆ. ಆದರೆ ನಡುವಿನ ಹಂತದಲ್ಲಿ ಕಟ್ಟೆಗೆ ಎರಡು ನೆರಳು ಕಾಣುತ್ತದೆ, ಮಧ್ಯಾಹ್ನದ್ದೊಂದು ಮೋಟು, ಸಂಜೆಯದ್ದೊಂದು ಉದ್ದ. ಅದನ್ನು ತಪ್ಪಿಸಲು ಹಗಲಿನ ಬೆಳಕಿನ ಲೇಯರ್ ಮೊದಲು ನೆರಳಿಲ್ಲದ ಬರಿಯ ಆಕಾಶದ ಬೆಳಕಿಗೆ ಕರಗಲಿ. ಬಣ್ಣ ಸಂಜೆಯ ಕಡೆಗೆ ಜರುಗುವುದು ಆ ನಡುವೆಯೇ ಆಗಲಿ. ಆಮೇಲೆ ಸಂಜೆಯ ಬಿಸಿಲು ಮೂಡಲಿ. ನೋಡುವವರಿಗೆ ಮೋಡವೊಂದು ಸೂರ್ಯನನ್ನು ಮರೆಸಿ ಸರಿದುಹೋದಂತೆ ಅನ್ನಿಸುತ್ತದೆ, ನೆರಳು ಜಾಗ ಬದಲಿಸಿದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ಆಕಾಶದಲ್ಲಿ ಒಂದು ಮೋಡ ಅದೇ ಹೊತ್ತಿಗೆ ಹಾದುಹೋದರೆ ಇನ್ನೂ ಒಳ್ಳೆಯದು.

ಬ್ಯಾಕ್‌ಗ್ರೌಂಡಿನ ಮುಂದೆ ಪಾತ್ರಗಳು ಓಡಾಡುವುದಿದ್ದರೆ ಅವಕ್ಕೂ ಇದೇ ಎರಡು ಬಣ್ಣ, ಇದೇ ದಿಕ್ಕು ಬೇಕು. ಇಡೀ ಪಾತ್ರಕ್ಕೆ #6E78A8 ಮಲ್ಟಿಪ್ಲೈ ಹಾಕಿ, ಎಡ ಮಗ್ಗುಲಲ್ಲಿ ಕಿತ್ತಳೆಯ ಒಂದು ಪಟ್ಟಿ ಬರೆದರೆ ಬಹುತೇಕ ಸಾಕಾಗುತ್ತದೆ. ಉಡುಪಿನ ಬಣ್ಣವನ್ನು ಮಾತ್ರ ಮೊದಲೇ ಪರೀಕ್ಷಿಸಿಕೊಳ್ಳಿ. #2F5FA8 ನೀಲಿ ಸೀರೆ ಇಳಿಬಿಸಿಲಿನಲ್ಲಿ #2F454A ಆಗಿ ಬೂದಿಗೆ ತಿರುಗುತ್ತದೆ. ಕಥೆಯಲ್ಲಿ ಆ ನೀಲಿ ಸೀರೆಯೇ ಪಾತ್ರದ ಗುರುತಾಗಿದ್ದರೆ, ಸಂಜೆಯ ದೃಶ್ಯದಲ್ಲಿ ಅವಳನ್ನು ಜಗಲಿಯ ನೆರಳಿನ ಪಟ್ಟಿಯಲ್ಲಿ ನಿಲ್ಲಿಸಿ. ಆಕಾಶದ ಬೆಳಕಿನಲ್ಲಿ ಆ ನೀಲಿ ನೀಲಿಯಾಗಿಯೇ ಉಳಿಯುತ್ತದೆ.